ಡಿಪ್ ಎಷ್ಟು ಆಳವಾದರೆ ಕೊಳ್ಳಬಾರದು?

2020ರ ಡಿಸೆಂಬರ್ 21, ಸೋಮವಾರ. ಬ್ರಿಟನ್ನಿನಲ್ಲಿ ಕೊರೊನಾದ ಹೊಸ ತಳಿ ಹರಡುತ್ತಿರುವ ಸುದ್ದಿ ಬಂದದ್ದೇ ತಡ, ನಿಫ್ಟಿ ಒಂದೇ ದಿನ 432 ಅಂಶ ಕಳೆದುಕೊಂಡಿತು. ನವೆಂಬರ್‌ನಿಂದ ಬಿಡುವಿಲ್ಲದೆ ಏರಿದ್ದ ಪೇಟೆಗೆ ಇದು ಮೊದಲ ದೊಡ್ಡ ಪೆಟ್ಟು. ನಡುವೆ 13,131ರವರೆಗೆ ಇಳಿದ ಸೂಚ್ಯಂಕ, ದಿನದ ಕೊನೆಗೆ 13,328ರಲ್ಲಿ ನಿಂತಿತು.

ಹಿಂದಿನ 20 ದಿನಗಳ ಮುಕ್ತಾಯದ ಬೆಲೆಗಳನ್ನು ಕೂಡಿಸಿ 20ರಿಂದ ಭಾಗಿಸಿದರೆ ಅಂದು ಬರುತ್ತಿದ್ದದ್ದು ಸುಮಾರು 13,316. ದಿನದಿನವೂ ಹೀಗೆ ಲೆಕ್ಕ ಹಾಕಿ ಎಳೆದ ಗೆರೆಯೇ ಮೂವಿಂಗ್ ಆವರೇಜ್. ಸೂಚ್ಯಂಕ ಅದನ್ನು ಸೀಳಿ ಕೆಳಗಿಳಿದರೂ ಮುಗಿಯುವ ಹೊತ್ತಿಗೆ ಮೇಲೆ ಬಂದು ಕೂತಿತ್ತು. ಗೆರೆ ಇನ್ನೂ ಮೇಲ್ಮುಖವಾಗಿಯೇ ಇತ್ತು. ಅಕ್ಟೋಬರ್ ಕೊನೆಯಿಂದ ಗಳಿಸಿದ್ದರಲ್ಲಿ ಹೋದದ್ದು ಐದರಲ್ಲೊಂದು ಪಾಲು ಮಾತ್ರ.

ಇಂಥ ಇಳಿತದಲ್ಲಿ ಕೊಳ್ಳುವವರು ಗೆರೆ ಮುಟ್ಟಿದ ಕೂಡಲೇ ಕೈಹಾಕುವುದಿಲ್ಲ. ಬೀಳುತ್ತಿರುವಾಗ ಅದು ಎಲ್ಲಿ ನಿಲ್ಲುತ್ತದೆಂದು ಗೆರೆಗೇನು ಗೊತ್ತು? ಮಂಗಳವಾರ ನಿಫ್ಟಿ ಹಿಂದಿನ ದಿನದ ತಳವನ್ನು ಮುರಿಯದೆ 13,466ಕ್ಕೆ ಮುಗಿದಾಗ ಕೊಳ್ಳಲು ಕಾರಣ ಸಿಕ್ಕಿತು. ಸ್ಟಾಪ್‌ಲಾಸ್ 13,131ರ ಸ್ವಲ್ಪ ಕೆಳಗೆ. ತಪ್ಪಾದರೆ ಸುಮಾರು ಎರಡೂವರೆ ಶೇಕಡಾ ನಷ್ಟ. ತಪ್ಪಾಗಲಿಲ್ಲ. ಜನವರಿ 20ಕ್ಕೆ ನಿಫ್ಟಿ 14,645ರಲ್ಲಿತ್ತು.

ಮರುದಿನದಿಂದ ಚಿತ್ರ ಬದಲಾಯಿತು. ಈ ಬಾರಿ ಪೆಟ್ಟು ಒಂದೇ ದಿನದ್ದಲ್ಲ. ಸತತ ಆರು ವಹಿವಾಟಿನ ದಿನ ಸೂಚ್ಯಂಕ ಇಳಿಯಿತು. 25ರಂದು ಗೆರೆಯ ಕೂದಲೆಳೆಯಷ್ಟು ಕೆಳಗೆ ಮುಗಿದದ್ದನ್ನು ಕ್ಷಮಿಸಬಹುದಿತ್ತು. 27ರಂದು 13,968ಕ್ಕೆ ಬಂದಾಗ ಗೆರೆಗಿಂತ ಸುಮಾರು 340 ಅಂಶ ಕೆಳಗಿತ್ತು, ಚೇತರಿಕೆಯ ಸುಳಿವೂ ಇರಲಿಲ್ಲ. ಇನ್ನೂ ಮುಖ್ಯವಾದದ್ದು, ಅಷ್ಟು ದಿನ ಏರುತ್ತಿದ್ದ ಗೆರೆ ಅಂದು ಮಟ್ಟಸವಾಗಿ ಮರುದಿನ ಕೆಳಗೆ ಬಾಗಿತು. ಜನವರಿ 29ರ ಹೊತ್ತಿಗೆ ಇಡೀ ಏರಿಕೆಯ ಮೂರರಲ್ಲೊಂದು ಪಾಲು ಕರಗಿತ್ತು. ಏರುವ ಗೆರೆಯನ್ನು ನಂಬಿ ಕೊಳ್ಳುವ ಲೆಕ್ಕಾಚಾರಕ್ಕೆ ಇಲ್ಲಿ ಆಧಾರವೇ ಉಳಿದಿರಲಿಲ್ಲ. ಕೊಳ್ಳಲು ಬೇರೆ ಕಾರಣ ಇರಬಹುದು, ಇದಂತೂ ಅಲ್ಲ.

ತಮಾಷೆಯೆಂದರೆ ಫೆಬ್ರವರಿ 1ರ ಬಜೆಟ್ ದಿನವೇ ನಿಫ್ಟಿ 647 ಅಂಶ ನೆಗೆಯಿತು, ಅದೇ ವಾರ ಮೊದಲ ಬಾರಿಗೆ 15,000 ದಾಟಿತು. ದೂರ ನಿಂತವರು ಕೈ ಹಿಸುಕಿಕೊಂಡಿರಬೇಕು. ಆದರೆ ಅದರ ಹಿಂದಿನ ವರ್ಷ, 2020ರ ಫೆಬ್ರವರಿ ಕೊನೆಯಲ್ಲಿ, ನಿಫ್ಟಿ ಹೀಗೇ 20 ದಿನಗಳ ಗೆರೆಯ ಕೆಳಗೆ ಮುಗಿದು ಮೇಲೇಳದಿದ್ದಾಗ ಅಗ್ಗವೆಂದು ಕೊಂಡವರು, ಮಾರ್ಚ್ 23ಕ್ಕೆ ಸೂಚ್ಯಂಕವನ್ನು 7,610ರಲ್ಲಿ ಕಂಡರು.