ಕಳೆದರೂ ಭಾಗಿಸಿದರೂ ಉಳಿಯುವುದು ಕೆಲವೇ ಜೋಡಿ

ಕೆನ್‌ಕೆನ್ ಬಿಡಿಸಲು ಕೂತವರು ಸಾಮಾನ್ಯವಾಗಿ ಮೊದಲು ಹುಡುಕುವುದು ಕೂಡುವ ಮತ್ತು ಗುಣಿಸುವ ಲೆಕ್ಕಗಳನ್ನು. ‘11+’ ಎಂದು ಕಂಡರೆ ಐದು, ಆರು ಎಂದು ತಟ್ಟನೆ ಹೊಳೆಯುತ್ತದೆ. ‘2−’ ಅಥವಾ ‘3÷’ ಕಂಡರೆ ಮಾತ್ರ, ಆಮೇಲೆ ನೋಡೋಣ ಎಂದು ಮುಂದೆ ಹೋಗುತ್ತಾರೆ. ಆದರೆ ಆಟದ ಬೀಗ ತೆಗೆಯುವ ಕೀಲಿ ಎಷ್ಟೋ ಸಲ ಇರುವುದು ಈ ಎರಡರಲ್ಲೇ, ಅದರಲ್ಲೂ ಭಾಗಾಕಾರದಲ್ಲಿ.

ಜಪಾನಿನ ಯೊಕೊಹಾಮಾದ ಗಣಿತದ ಮೇಷ್ಟ್ರು ತೆತ್ಸುಯಾ ಮಿಯಾಮೊಟೊ 2004ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಈ ಆಟ ಕಟ್ಟಿದರು. 2008ರಲ್ಲಿ ಅದು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಗೆ, 2009ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ಗೆ ಬಂತು. ನಿಯಮ ಅರ್ಧ ಸುಡೊಕುವಿನದು. ಆರು ಮನೆ ಉದ್ದ, ಆರು ಮನೆ ಅಗಲದ ಆಟವಾದರೆ ಪ್ರತಿ ಅಡ್ಡಸಾಲಿನಲ್ಲೂ ಪ್ರತಿ ಕಂಬಸಾಲಿನಲ್ಲೂ 1ರಿಂದ 6ರವರೆಗಿನ ಅಂಕಿಗಳು ಒಂದೊಂದು ಸಲ ಬರಬೇಕು. ಉಳಿದರ್ಧ ಲೆಕ್ಕದ್ದು. ದಪ್ಪ ಗೆರೆಯಿಂದ ಸುತ್ತುವರಿದ ಮನೆಗಳ ಗುಂಪನ್ನು ಕೇಜ್ ಎನ್ನುತ್ತಾರೆ. ಅದರ ಮೂಲೆಯಲ್ಲಿ ಒಂದು ಸಂಖ್ಯೆ, ಪಕ್ಕದಲ್ಲಿ ಒಂದು ಚಿಹ್ನೆ. ಒಳಗಿನ ಅಂಕಿಗಳಿಂದ ಆ ಲೆಕ್ಕ ಮಾಡಿದರೆ ಆ ಸಂಖ್ಯೆಯೇ ಬರಬೇಕು.

ಕೂಡುವ, ಗುಣಿಸುವ ಕೇಜುಗಳಲ್ಲಿ ಎಷ್ಟು ಮನೆ ಬೇಕಾದರೂ ಇರಬಹುದು. ಕಳೆಯುವ, ಭಾಗಿಸುವ ಕೇಜುಗಳಲ್ಲಿ ಇರುವುದು ಎರಡೇ ಮನೆ. ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಬೇಕು, ದೊಡ್ಡದನ್ನು ಚಿಕ್ಕದರಿಂದ ಭಾಗಿಸಬೇಕು. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂಬುದನ್ನು ಕೇಜ್ ಹೇಳುವುದಿಲ್ಲ. ಎಡದ ಮನೆಯಲ್ಲೇ ದೊಡ್ಡ ಅಂಕಿ ಇರಬೇಕೆಂದುಕೊಂಡು ಬರೆದುಬಿಡುವುದು ಹೊಸಬರು ಎಡವುವ ಮೊದಲ ಜಾಗ.

ಎರಡೇ ಮನೆ ಎಂದಮೇಲೆ ಸಾಧ್ಯವಿರುವ ಜೋಡಿಗಳೂ ಕಡಿಮೆ. ಆರರ ಆಟಕ್ಕೆ ಅವಿಷ್ಟೇ:

ಕಳೆಯುವ ಕೇಜುಗಳು
5− : 1-6
4− : 1-5, 2-6
3− : 1-4, 2-5, 3-6
2− : 1-3, 2-4, 3-5, 4-6
1− : 1-2, 2-3, 3-4, 4-5, 5-6

ಭಾಗಿಸುವ ಕೇಜುಗಳು
6÷ : 1-6
5÷ : 1-5
4÷ : 1-4
3÷ : 1-3, 2-6
2÷ : 1-2, 2-4, 3-6

ಇದನ್ನು ಬಾಯಿಪಾಠ ಮಾಡಬೇಕಿಲ್ಲ. ಕಳೆಯುವ ಕೇಜಿನಲ್ಲಿ ಎಷ್ಟು ಜೋಡಿ ಎಂದು ತಿಳಿಯಲು ಆರರಿಂದ ಸುಳುಹಿನ ಸಂಖ್ಯೆಯನ್ನು ಕಳೆದರಾಯಿತು: 4− ಇದ್ದರೆ ಎರಡು ಜೋಡಿ, 1− ಇದ್ದರೆ ಐದು. ಭಾಗಿಸುವ ಕೇಜಿನಲ್ಲಾದರೆ ಆರನ್ನು ಆ ಸಂಖ್ಯೆಯಿಂದ ಭಾಗಿಸಿ ಶೇಷ ಬಿಟ್ಟುಬಿಡಿ: 2÷ಗೆ ಮೂರು, 3÷ಗೆ ಎರಡು, 4÷ಗೆ ಒಂದು. ಬರೆದುಕೊಂಡ ಜೋಡಿಗಳು ಈ ಎಣಿಕೆಗಿಂತ ಕಡಿಮೆಯಿದ್ದರೆ ಒಂದು ಬಿಟ್ಟುಹೋಗಿದೆ ಎಂದರ್ಥ. ಹೆಚ್ಚಾಗಿ ಮರೆತುಹೋಗುವುದು 2÷ರ 3-6 ಮತ್ತು 3÷ರ 2-6. ಒಂದರಿಂದ ಶುರುವಾಗುವ ಜೋಡಿ ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸಿಬಿಡುವುದೇ ಇದಕ್ಕೆ ಕಾರಣ.

ಪಟ್ಟಿಯಲ್ಲಿ ಯಾವ ಅಂಕಿ ಇದೆ ಎನ್ನುವಷ್ಟೇ ಮುಖ್ಯ, ಯಾವುದು ಇಲ್ಲ ಎನ್ನುವುದು. ಭಾಗಿಸುವ ಸಾಲುಗಳಲ್ಲಿ ಐದನ್ನು ಹುಡುಕಿ. 5÷ ಬಿಟ್ಟರೆ ಅದು ಬೇರೆಲ್ಲೂ ಇಲ್ಲ. 3÷ರಲ್ಲಿ ನಾಲ್ಕೂ ಇಲ್ಲ. ಹಾಗಾಗಿ 2÷ ಅಥವಾ 3÷ ಕಂಡಾಗ ಅಲ್ಲಿ ಏನು ಬರಬಹುದು ಎಂದು ತಡಕಾಡುವ ಮೊದಲೇ, ಇಲ್ಲಿ ಐದು ಬರುವುದಿಲ್ಲ ಎಂದು ಖಚಿತವಾಗಿ ಹೇಳಬಹುದು.

ಇದರ ಉಪಯೋಗ ಒಂದು ಸಾಲಿನಲ್ಲಿ ನೋಡೋಣ. ಮೊದಲ ಅಡ್ಡಸಾಲಿನ ಆರು ಮನೆಗಳಲ್ಲಿ ಎಡದಿಂದ ಎರಡೆರಡು ಮನೆಯ ಮೂರು ಕೇಜುಗಳಿವೆ: 2÷, 3÷, 1−. ಸಾಲಿನಲ್ಲಿ ಐದು ಎಲ್ಲಾದರೂ ಇರಲೇಬೇಕು. ಮೊದಲ ಎರಡು ಕೇಜುಗಳಲ್ಲಿ ಅದಕ್ಕೆ ಜಾಗವಿಲ್ಲ. ಆದ್ದರಿಂದ ಅದು 1− ಕೇಜಿನಲ್ಲಿದೆ. ಅಲ್ಲಿದ್ದ ಐದು ಜೋಡಿಗಳಲ್ಲಿ ಉಳಿದದ್ದು ಎರಡೇ, 4-5 ಅಥವಾ 5-6.

4-5 ಎಂದುಕೊಳ್ಳೋಣ. ಆಗ ಬಾಕಿ ಉಳಿಯುವ ಅಂಕಿಗಳು 1, 2, 3, 6. 3÷ಗೆ 1-3 ಕೊಟ್ಟರೆ 2÷ಗೆ 2-6 ಉಳಿಯುತ್ತದೆ. ಆರನ್ನು ಎರಡರಿಂದ ಭಾಗಿಸಿದರೆ ಮೂರು, ಹಾಗಾಗಿ ಹೊಂದುವುದಿಲ್ಲ. 3÷ಗೆ 2-6 ಕೊಟ್ಟರೆ 2÷ಗೆ 1-3 ಉಳಿಯುತ್ತದೆ, ಅದೂ ಹೊಂದುವುದಿಲ್ಲ. ಅಂದಮೇಲೆ 1− ಕೇಜಿನಲ್ಲಿರುವುದು 5-6. ಈಗ 1, 2, 3, 4 ಬಾಕಿ. ಆರು ಖರ್ಚಾಗಿರುವುದರಿಂದ 3÷ಗೆ 1-3 ಬಿಟ್ಟು ಬೇರೆ ದಾರಿಯಿಲ್ಲ. 2÷ಗೆ 2-4. ಒಂದೂ ಅಂಕಿ ಬರೆದಿರದ ಸಾಲಿನಲ್ಲಿ ಮೂರು ಜೋಡಿಗಳೂ ಖಚಿತವಾದವು.

ಯಾವುದು ಯಾವ ಮನೆಗೆ ಎಂಬುದನ್ನು ಕಂಬಸಾಲುಗಳನ್ನು ಕೇಳಬೇಕು. ಮೊದಲ ಕಂಬಸಾಲಿನಲ್ಲಿ ಕೆಳಗೆಲ್ಲೋ ಮೇಲೊಂದು ಕೆಳಗೊಂದು ಮನೆಯ 4÷ ಕೇಜ್ ಇದೆ ಎನ್ನಿ. ಅದರಲ್ಲಿರುವುದು 1-4 ಮಾತ್ರ. ಅವುಗಳ ಕ್ರಮ ನಮಗಿನ್ನೂ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಆ ಕಂಬಸಾಲಿನ ನಾಲ್ಕು ಅಲ್ಲಿ ಮುಗಿದುಹೋಯಿತು ಎನ್ನುವುದಷ್ಟೇ ಸಾಕು. ಹಾಗಾಗಿ ನಮ್ಮ ಸಾಲಿನ ಮೊದಲ ಮನೆಗೆ 2, ಎರಡನೆಯದಕ್ಕೆ 4. ಮೂರನೆಯ ಕಂಬಸಾಲಿನಲ್ಲಿ 5÷ ಇದ್ದರೆ ಅಲ್ಲಿ 1-5 ಕೂತಿವೆ. ಒಂದು ಮುಗಿದದ್ದರಿಂದ ಮೂರನೆಯ ಮನೆಗೆ 3, ನಾಲ್ಕನೆಯದಕ್ಕೆ 1. ಐದನೆಯ ಕಂಬಸಾಲಿನಲ್ಲಿ 5− ಇದ್ದರೆ ಅದು 1-6; ಆರು ಮುಗಿಯಿತು, ಐದನೆಯ ಮನೆಗೆ 5, ಕೊನೆಯದಕ್ಕೆ 6. ಸಾಲು ತುಂಬಿತು: 2, 4, 3, 1, 5, 6.

ಕಳೆಯುವ ಕೇಜಿಗೂ ಭಾಗಿಸುವ ಕೇಜಿಗೂ ದೊಡ್ಡದೊಂದು ವ್ಯತ್ಯಾಸವಿದೆ. ಕಳೆಯುವ ಕೇಜ್ ಎರಡು ಅಂಕಿಗಳ ನಡುವಿನ ಅಂತರವನ್ನಷ್ಟೇ ಹೇಳುತ್ತದೆ, ಅವು ದೊಡ್ಡ ಅಂಕಿಗಳೋ ಚಿಕ್ಕವೋ ಎಂದು ಹೇಳುವುದಿಲ್ಲ. ಪೂರ್ತಿ ತುಂಬಿಸಿದ ಆರರ ಆಟವೊಂದನ್ನು ತೆಗೆದುಕೊಂಡು 1 ಇರುವಲ್ಲಿ 6, 2 ಇರುವಲ್ಲಿ 5, 3 ಇರುವಲ್ಲಿ 4 ಎಂದು ಅದಲುಬದಲು ಮಾಡಿ. ಯಾವ ಸಾಲಿನಲ್ಲೂ ಅಂಕಿ ಮರುಕಳಿಸುವುದಿಲ್ಲ. 1-5 ಇದ್ದದ್ದು 6-2 ಆಗುತ್ತದೆ, ಅಂತರ ಆಗಲೂ ನಾಲ್ಕೇ. ಹಾಗಾಗಿ ಎಲ್ಲ ಕೇಜುಗಳೂ ಕಳೆಯುವವೇ ಆಗಿದ್ದರೆ ಆಟಕ್ಕೆ ಕನಿಷ್ಠ ಎರಡು ಉತ್ತರ ಇದ್ದೇ ಇರುತ್ತವೆ, ಮತ್ತು ಸರಿಯಾದ ಕೆನ್‌ಕೆನ್‌ಗೆ ಇರಬೇಕಾದದ್ದು ಒಂದೇ ಉತ್ತರ. 2÷ ಈ ಅದಲುಬದಲಿಗೆ ಜಗ್ಗುವುದಿಲ್ಲ: 1-2 ಹೋಗಿ 6-5 ಬಂದರೆ ಭಾಗಾಕಾರ ಕೆಟ್ಟಿತು. ಅಂತರದ ಜೊತೆಗೆ ಅಂಕಿಯ ಗಾತ್ರವೂ ಭಾಗಾಕಾರದಲ್ಲಿ ಲೆಕ್ಕಕ್ಕೆ ಬರುತ್ತದೆ.

ಒಂಬತ್ತರ ಆಟದಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಅಲ್ಲಿ 1− ಕೇಜಿಗೆ ಎಂಟು ಜೋಡಿಗಳು. 2÷ಗೆ ನಾಲ್ಕೇ, 1-2, 2-4, 3-6, 4-8. ಐದು, ಏಳು, ಒಂಬತ್ತು ಮೂರಕ್ಕೂ ಅಲ್ಲಿ ಪ್ರವೇಶವಿಲ್ಲ.

ಆದ್ದರಿಂದ ಮುಂದಿನ ಸಲ ಪೆನ್ಸಿಲ್ ಹಿಡಿದಾಗ ಭಾಗಿಸುವ ಕೇಜುಗಳ ಜೋಡಿಗಳನ್ನು ಮನೆಯ ಮೂಲೆಯಲ್ಲಿ ಸಣ್ಣದಾಗಿ ಮೊದಲು ಬರೆದುಕೊಳ್ಳಿ, ಆಮೇಲೆ 5−, 4− ಥರದ ದೊಡ್ಡ ಅಂತರದವನ್ನು. 1− ಕೇಜನ್ನು ಕೊನೆಗೆ ಬಿಡಿ. ಅಷ್ಟು ಹೊತ್ತಿಗೆ ಅದರ ಐದು ಜೋಡಿಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊರಬಿದ್ದಿರುತ್ತವೆ.