ಬಾರದವರ ಕಡೆಯಿಂದ ನೋಡಿದಾಗ

ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯವರು ಕ್ಷಯರೋಗ ಪತ್ತೆಗೆಂದು ಎಕ್ಸ್-ರೇ ಯಂತ್ರಗಳನ್ನು ವ್ಯಾನಿನಲ್ಲಿಟ್ಟು ಜನರ ಮನೆಬಾಗಿಲ ಬಳಿಗೇ ಕಳಿಸಿದರು. ಹಣ ಕೊಡಬೇಕಿರಲಿಲ್ಲ, ದೂರ ಹೋಗಬೇಕಿರಲಿಲ್ಲ, ಸೂಜಿ ಚುಚ್ಚುವುದೂ ಇರಲಿಲ್ಲ. ಆದರೂ ಬರಬೇಕಾದಷ್ಟು ಜನ ಬರಲಿಲ್ಲ. ಇಂಥ ಹೊತ್ತಿನಲ್ಲಿ ಇಲಾಖೆಗಳು ಸಾಮಾನ್ಯವಾಗಿ ಮಾಡುವುದು ಒಂದೇ: ಜನರಿಗೆ ತಿಳಿವಳಿಕೆ ಇಲ್ಲ ಎಂದು ಷರಾ ಬರೆದು ಇನ್ನಷ್ಟು ಕರಪತ್ರ ಅಚ್ಚು ಹಾಕಿಸುವುದು. ಆ ಸೇವೆಯಲ್ಲಿದ್ದ ಗಾಡ್‌ಫ್ರೆ ಹಾಕ್‌ಬಾಮ್, ಅರ್ವಿನ್ ರೋಸೆನ್‌ಸ್ಟಾಕ್, ಸ್ಟೀಫನ್ ಕೆಗೆಲ್ಸ್, ಹೋವರ್ಡ್ ಲೆವೆಂತಾಲ್ ಎಂಬ ಸಮಾಜ ಮನೋವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಬಾರದವರು ಯಾಕೆ ಬರಲಿಲ್ಲ ಎಂದು ತಿಳಿಯಲು ಅವರನ್ನೇ ಕೇಳಲು ಹೊರಟರು.

1952ರಲ್ಲಿ ಹಾಕ್‌ಬಾಮ್ ಬಾಸ್ಟನ್, ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್ ನಗರಗಳಲ್ಲಿ 1,200ಕ್ಕೂ ಹೆಚ್ಚು ವಯಸ್ಕರನ್ನು ಮಾತಾಡಿಸಿದರು. ಅವರು ಮುಖ್ಯವಾಗಿ ಹುಡುಕಿದ್ದು ಎರಡು ನಂಬಿಕೆಗಳನ್ನು. ಕ್ಷಯ ನನಗೂ ಬರಬಹುದು ಎಂದು ಈ ಮನುಷ್ಯ ನಂಬುತ್ತಾನೆಯೇ? ಮೈಯಲ್ಲಿ ಏನೂ ತೊಂದರೆ ಕಾಣದಿರುವಾಗಲೇ ಎಕ್ಸ್-ರೇ ತೆಗೆಸಿ ರೋಗವನ್ನು ಬೇಗ ಹಿಡಿದರೆ ಲಾಭವಿದೆ ಎಂದು ನಂಬುತ್ತಾನೆಯೇ? ಎರಡನ್ನೂ ನಂಬಿದವರಲ್ಲಿ 82 ಶೇಕಡಾ ಜನ ಒಮ್ಮೆಯಾದರೂ ತಾವಾಗಿಯೇ ಹೋಗಿ ಎಕ್ಸ್-ರೇ ತೆಗೆಸಿಕೊಂಡಿದ್ದರು. ಎರಡನ್ನೂ ನಂಬದವರಲ್ಲಿ ಹಾಗೆ ಹೋದವರು 21 ಶೇಕಡಾ ಮಾತ್ರ. ಕ್ಷಯ ಕೆಟ್ಟ ರೋಗ ಎಂಬುದು ಗೊತ್ತಿದ್ದರೆ ಸಾಲದು, ಅದು ತನ್ನ ಮೈಗೂ ಬಂದೀತು ಎಂದು ಅನ್ನಿಸಬೇಕು. ಆರೋಗ್ಯ ನಂಬಿಕೆ ಮಾದರಿಯ ಬುನಾದಿ ಇದು.

ಮುಂದೆ ಅದಕ್ಕೆ ಒಂದೊಂದೇ ಅಂಶ ಸೇರಿತು. ರೋಗ ಎಷ್ಟು ಗಂಭೀರ ಎಂಬ ಎಣಿಕೆ, ಮಾಡಹೊರಟ ಕೆಲಸಕ್ಕೆ ಅಡ್ಡ ಬರುವ ತೊಡಕುಗಳು, ಮನಸ್ಸನ್ನು ಥಟ್ಟನೆ ಕೆಲಸಕ್ಕೆ ಎಬ್ಬಿಸುವ ಒಂದು ಸೂಚನೆ. ಕೊನೆಯದರ ಬೆಲೆಯನ್ನು ತೋರಿಸಿಕೊಟ್ಟವರು ಇದೇ ಲೆವೆಂತಾಲ್. ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಅವರು ಧನುರ್ವಾಯುವಿನ ಬಗ್ಗೆ ಕರಪತ್ರ ಓದಿಸಿದರು, ಕೆಲವರಿಗೆ ತೀರಾ ಭಯ ಹುಟ್ಟಿಸುವಂಥದ್ದು, ಕೆಲವರಿಗೆ ಸೌಮ್ಯವಾದದ್ದು. 1965ರಲ್ಲಿ ಪ್ರಕಟವಾದ ಫಲಿತಾಂಶ ಭಯದ ಮೇಲೆ ಭರವಸೆ ಇಟ್ಟವರಿಗೆ ಮುಜುಗರ ತರುವಂತಿತ್ತು. ಹೆಚ್ಚು ಹೆದರಿದವರು ಚುಚ್ಚುಮದ್ದು ಹಾಕಿಸಿಕೊಳ್ಳುವ ಮಾತನ್ನೇನೋ ಹೆಚ್ಚು ಆಡಿದರು, ಆದರೆ ಹಾಕಿಸಿಕೊಂಡವರ ಸಂಖ್ಯೆ ಹೆಚ್ಚಲಿಲ್ಲ. ಸಂಖ್ಯೆಯನ್ನು ಬದಲಿಸಿದ್ದು ಒಂದು ನಕಾಶೆ. ಆರೋಗ್ಯ ಕೇಂದ್ರದ ಸುತ್ತ ಗೆರೆ ಎಳೆದ ನಕಾಶೆ ಕೊಟ್ಟು, ಈ ವಾರ ನಿನಗೆ ಯಾವಾಗ ಬಿಡುವಿದೆ ನೋಡಿಕೋ ಎಂದು ಹೇಳಿದ ಗುಂಪಿನಲ್ಲಿ ಸುಮಾರು 28 ಶೇಕಡಾ ಹುಡುಗರು ಹೋದರು. ಹಾಗೆ ಹೇಳದ ಗುಂಪಿನಲ್ಲಿ ಹೋದವರು ಸುಮಾರು 3 ಶೇಕಡಾ. ಆ ಕೇಂದ್ರ ಎಲ್ಲಿದೆ ಎಂಬುದು ಅಲ್ಲಿ ವರ್ಷಗಟ್ಟಲೆ ಓದಿದ ಹುಡುಗರಿಗೆ ಮೊದಲೇ ಗೊತ್ತಿತ್ತು ಎಂಬುದನ್ನು ಮರೆಯಬಾರದು.

ಆದರೆ ಎಕ್ಸ್-ರೇ, ಚುಚ್ಚುಮದ್ದು ಒಂದು ಸಲ ಹೋಗಿ ಬಂದರೆ ಮುಗಿಯುವ ಕೆಲಸ. ತಂಬಾಕು ಹಾಗಲ್ಲ, ಇವತ್ತು ಬಿಟ್ಟವನು ನಾಳೆಯೂ ಬಿಡಬೇಕು, ನಾಡಿದ್ದೂ ಬಿಡಬೇಕು. ಹಳೆಯ ಮಾದರಿಯೊಳಗೆ ಈ ದೀರ್ಘಕಾಲದ ಹೆಣಗಾಟ ಹಿಡಿಸಲಿಲ್ಲ. 1988ರಲ್ಲಿ ರೋಸೆನ್‌ಸ್ಟಾಕ್ ಮತ್ತು ಸಂಗಡಿಗರು 'ಇದು ನನ್ನ ಕೈಯಲ್ಲಿ ಆಗುತ್ತದೆ' ಎಂಬ ಭರವಸೆಯನ್ನೂ ಮಾದರಿಗೆ ಸೇರಿಸಿದರು. ಆ ಹೊತ್ತಿಗೆ ಇನ್ನೊಂದು ಮೂಲೆಯಲ್ಲಿ ಬೇರೆಯೇ ಒಂದು ಹುಡುಕಾಟ ನಡೆದಿತ್ತು.

ರೋಡ್ ಐಲೆಂಡ್ ವಿಶ್ವವಿದ್ಯಾಲಯದ ಜೇಮ್ಸ್ ಪ್ರೊಚಾಸ್ಕ ಕಾಲೇಜಿನಲ್ಲಿದ್ದಾಗಲೇ ತಂದೆಯನ್ನು ಕುಡಿತಕ್ಕೂ ಖಿನ್ನತೆಗೂ ಕಳೆದುಕೊಂಡವರು. ಆ ತಂದೆಗೆ ಮನೋಚಿಕಿತ್ಸೆಯಲ್ಲಿ ನಂಬಿಕೆ ಇರಲಿಲ್ಲ. ಮಗ ಮನೋಚಿಕಿತ್ಸಕನಾದ, ಮತ್ತು ಚಿಕಿತ್ಸೆಗೆ ಬಾರದೆಯೇ ಬದಲಾಗುವವರತ್ತ ಕಣ್ಣು ಹಾಯಿಸಿದ. ಸಿಗರೇಟು ಬಿಟ್ಟವರಲ್ಲಿ ಹೆಚ್ಚಿನವರು ಯಾವ ಕ್ಲಿನಿಕ್ಕಿಗೂ ಹೋಗದೆ ತಾವಾಗಿಯೇ ಬಿಟ್ಟಿದ್ದರು. ಅವರು ಹೇಗೆ ಬಿಟ್ಟರು? ಕಾರ್ಲೊ ಡಿಕ್ಲೆಮೆಂಟೆ ಜೊತೆ ಸೇರಿ, ಹಾಗೆ ತಾವಾಗಿಯೇ ಬಿಡುತ್ತಿದ್ದ, ಬಿಟ್ಟ, ಬಿಟ್ಟು ಮತ್ತೆ ಹಿಡಿದವರನ್ನೂ ಇನ್ನೂ ಬಿಡದವರನ್ನೂ ಸೇರಿಸಿ 872 ಜನರನ್ನು ಅವರು ಅಭ್ಯಾಸ ಮಾಡಿದರು. 1983ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಕಂಡದ್ದು, ಜನ ಎಲ್ಲ ಉಪಾಯಗಳನ್ನೂ ಎಲ್ಲ ಹೊತ್ತಿನಲ್ಲೂ ಬಳಸುವುದಿಲ್ಲ ಎಂಬುದು. ಬಿಡುವ ಯೋಚನೆಯೇ ಇಲ್ಲದವರು ಯಾವ ಉಪಾಯವನ್ನೂ ಹೆಚ್ಚು ಬಳಸುತ್ತಿರಲಿಲ್ಲ. ಬಿಡಲೋ ಬೇಡವೋ ಎಂದು ತೂಗುತ್ತಿದ್ದವರು ಮಾಹಿತಿಗೆ ಕಿವಿಗೊಡುತ್ತಿದ್ದರು. ಬಿಟ್ಟು ಹೆಣಗುತ್ತಿದ್ದವರಿಗೆ ಬೇಕಾಗಿದ್ದುದು ಮಾಹಿತಿಯಲ್ಲ, ಚಟವನ್ನು ನೆನಪಿಸುವ ವಸ್ತು ಕಣ್ಣಿಗೆ ಬೀಳದಂತೆ ಮಾಡುವುದು, ಬಾಯಿಗೆ ಬೇರೇನಾದರೂ ಕೊಡುವುದು, ಜೊತೆಗೊಬ್ಬರು ನಿಲ್ಲುವುದು. ಹೀಗೆ ಬದಲಾವಣೆ ಹಂತಹಂತವಾಗಿ ನಡೆಯುತ್ತದೆ ಎಂಬ ಮಾದರಿ ರೂಪುಗೊಂಡಿತು. ಯೋಚನೆ ಮತ್ತು ಕ್ರಿಯೆಯ ನಡುವಿನ 'ಸಿದ್ಧತೆ' ಎಂಬ ಹಂತ 1990ರ ದಶಕದ ಆರಂಭದಲ್ಲಿ ಗಟ್ಟಿಯಾಯಿತು.

ಈ ಹಂತಗಳು ಪ್ರಚಾರ ಮಾಡುವವರಿಗೆ ಯಾಕೆ ಬೇಕು ಎಂಬುದಕ್ಕೆ ಅವರೇ 1992ರ ಲೇಖನದಲ್ಲಿ ಒಂದು ಉದಾಹರಣೆ ಕೊಡುತ್ತಾರೆ. ಅಮೆರಿಕದ ಒಂದು ಆರೋಗ್ಯ ಸಂಸ್ಥೆಯ ಸದಸ್ಯರಲ್ಲಿ ಸಿಗರೇಟು ಸೇದುವವರನ್ನು ಕೇಳಿದಾಗ, ಬಿಡಿಸುವ ಕಾರ್ಯಕ್ರಮ ಇಟ್ಟರೆ ಬರುತ್ತೇವೆ ಎಂದವರು 70 ಶೇಕಡಾಕ್ಕಿಂತ ಹೆಚ್ಚು. ಒಳ್ಳೆಯ ಕಾರ್ಯಕ್ರಮವನ್ನೇ ಇಟ್ಟರು. ಹೆಸರು ಕೊಟ್ಟವರು 4 ಶೇಕಡಾ. ಕಾರ್ಯಕ್ರಮ ಕೆಟ್ಟದಾಗಿರಲಿಲ್ಲ, ಅದು ನಾಳೆಯೇ ಬಿಡಲು ತಯಾರಿದ್ದವರಿಗೆಂದು ಹೊಲಿದ ಅಂಗಿಯಾಗಿತ್ತು.

ನಂಬಿಕೆಗಳ ಮಾದರಿ, ಹಂತಗಳ ಮಾದರಿ ಎರಡನ್ನೂ ಒಟ್ಟಿಗೆ ಕೆಲಸಕ್ಕೆ ಹಚ್ಚಿದರೆ ಹೇಗಿರುತ್ತದೆ? ನಮ್ಮ ಕಡೆಯ ಒಂದು ಎಪಿಎಂಸಿ ಯಾರ್ಡನ್ನು ಕಲ್ಪಿಸಿಕೊಳ್ಳೋಣ. ಮೂಟೆ ಹೊರುವ ಹಮಾಲರು, ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು. ಪ್ರಚಾರಕ್ಕೆ ಹೊರಟವರ ಕೈ ತಾನಾಗಿಯೇ ಬಾಯಿ ಕ್ಯಾನ್ಸರ್‌ನ ಪೋಸ್ಟರಿಗೆ ಹೋಗುತ್ತದೆ. ಅಲ್ಲೇ ತಡೆಯಬೇಕು. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ, ಹೊಗೆರಹಿತ ತಂಬಾಕಿನಿಂದ ಗಂಭೀರ ಕಾಯಿಲೆ ಬರುತ್ತದೆ ಎಂದು ಭಾರತದ ವಯಸ್ಕರಲ್ಲಿ 95.6 ಶೇಕಡಾ ಜನ ಈಗಾಗಲೇ ನಂಬುತ್ತಾರೆ. ಆರೋಗ್ಯ ನಂಬಿಕೆ ಮಾದರಿಯ ಲೆಕ್ಕದಲ್ಲಿ, ಗಂಭೀರತೆಯ ಕೊಡ ತುಂಬಿ ಹೋಗಿದೆ. ಇನ್ನೊಂದು ಪೋಸ್ಟರು ಅದಕ್ಕೆ ಸುರಿಯುವ ನೀರು. ಖಾಲಿ ಇರುವುದು ಬೇರೆಡೆ.

ಎಲ್ಲಿ ಎಂದು ತಿಳಿಯಲು ಹಮಾಲರ ಸಂಘದ ಕಟ್ಟೆಯ ಮೇಲೆ ಕೂತು ಕೇಳಬೇಕು. ಉತ್ತರ ಹೀಗೆ ಬಂದೀತು: 'ನಮ್ಮಪ್ಪ ಎಂಬತ್ತರ ತನಕ ಬದುಕಿದ್ದನ್ರೀ, ದಿನಾ ತಂಬಾಕ ಹಾಕ್ಕೋತಿದ್ದ.' ತನಗೂ ಬಂದೀತು ಎಂಬ ನಂಬಿಕೆ ಇಲ್ಲದಿರುವುದು ಇಲ್ಲಿ ಕಾಣುತ್ತದೆ. ಇನ್ನೊಬ್ಬ ಹೇಳುತ್ತಾನೆ: 'ಬಿಟ್ರ ಹಲ್ಲು ನೋಯ್ತದ, ಮುಂಜಾನೆ ಹೊಟ್ಟಿ ಸಾಫ್ ಆಗಂಗಿಲ್ಲ, ಮೂಟಿ ಎತ್ತಾಕ ದಮ್ ಬರಂಗಿಲ್ಲ.' ಇದು ಅಜ್ಞಾನವಲ್ಲ, ತೊಡಕುಗಳ ಪಟ್ಟಿ. ಪ್ರಚಾರದ ಹಣ ಹೋಗಬೇಕಾದ್ದು ಈ ಪಟ್ಟಿಗೆ.

ಜೊತೆಗೆ ಹಂತ ತಿಳಿಯಲು ಮೂರು ಪ್ರಶ್ನೆ ಸಾಕು. ಮುಂದಿನ ಆರು ತಿಂಗಳಲ್ಲಿ ಬಿಡುವ ಯೋಚನೆ ಇದೆಯೇ? ಒಂದು ತಿಂಗಳೊಳಗೆ? ಕಳೆದ ವರ್ಷ ಒಂದು ದಿನವಾದರೂ ಬಿಡಲು ನೋಡಿದ್ದಿರಾ? ಅದೇ ಸಮೀಕ್ಷೆಯಲ್ಲಿ ಹೊಗೆರಹಿತ ತಂಬಾಕು ಬಳಸುವವರಲ್ಲಿ 49.6 ಶೇಕಡಾ ಜನ ಬಿಡುವ ಯೋಜನೆಯಲ್ಲೋ ಯೋಚನೆಯಲ್ಲೋ ಇದ್ದರು. ಅಂದರೆ ನೂರು ಹಮಾಲರಿದ್ದರೆ ಸುಮಾರು ಐವತ್ತು ಮಂದಿಗೆ 'ಬನ್ನಿ, ಬಿಡಿ' ಎಂಬ ಶಿಬಿರ ಕೇಳಿಸುವುದೇ ಇಲ್ಲ.

ಆ ಐವತ್ತು ಮಂದಿಗೆ ಬಿಡಿ ಎನ್ನಬಾರದು, ಬಾಯಿ ತೆಗೆಯಿರಿ ಎನ್ನಬೇಕು. ಅವರವರ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂಹಲ್ಲಿನ ನಡುವೆ ನಿಲ್ಲಿಸಲು ಹೇಳಬೇಕು. ಅಡಿಕೆ ಜಗಿಯುವ ಅಭ್ಯಾಸದಿಂದ ಕೆನ್ನೆಯ ಒಳಪದರ ಗಡುಸಾದವರಿಗೆ ಎರಡೇ ಬೆರಳು ಹಿಡಿಸಬಹುದು. ಕೈಗನ್ನಡಿ ಕೊಟ್ಟರೆ, ಉಜ್ಜಿದರೂ ಹೋಗದ ಬಿಳಿ ಮಚ್ಚೆಯನ್ನು ಅವರೇ ಕಾಣಬಹುದು. ಇವೆರಡೂ ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರ್ ಆಗಬಲ್ಲ ಸ್ಥಿತಿಗಳು. ದಂತವೈದ್ಯರಿಗೆ ತೋರಿಸಲೇಬೇಕು. ಎಂಬತ್ತರ ತನಕ ಬದುಕಿದ ಅಪ್ಪನ ಮಾತಿಗೆ ಅಂಕಿಅಂಶದಿಂದ ಎದುರು ಹೇಳಲಾಗುವುದಿಲ್ಲ, ಅವನದೇ ಮೂರನೇ ಬೆರಳಿನಿಂದ ಹೇಳಬಹುದು. ಬೆರಳು ಸಲೀಸಾಗಿ ಹಿಡಿಸಿದವನಿಗೆ 'ನಿನಗೇನೂ ಇಲ್ಲ' ಎಂಬ ಸರ್ಟಿಫಿಕೇಟು ಸಿಕ್ಕಂತಾಗುವ ಅಪಾಯವೂ ಇದೆ. ಆದ್ದರಿಂದ ಅವನ ಹತ್ತಿರ ಹಲ್ಲು, ವಸಡಿನ ಮಾತು ತೆಗೆಯಬೇಕು.

ತೂಗುತ್ತಿರುವವರಿಗೆ ತೊಡಕುಗಳ ಪಟ್ಟಿಗೇ ಉತ್ತರ ಬೇಕು. ಹಲ್ಲುನೋವನ್ನು ತಂಬಾಕು ಮರೆಸುತ್ತದೆ, ಗುಣ ಮಾಡುವುದಿಲ್ಲ, ಹಾಗಾಗಿ ಯಾರ್ಡಿಗೇ ದಂತವೈದ್ಯರು ಬಂದರೆ ಒಂದು ನೆಪ ಕಡಿಮೆ. ತಯಾರಾದವರಿಗೆ ಬೇಕಾದ್ದು ಲೆವೆಂತಾಲರ ನಕಾಶೆ: ಯಾವ ದಿನ ಬಿಡುವುದು, ಬೆಳಿಗ್ಗೆ ಮೊದಲ ಲಾರಿ ಬಂದಾಗ ಬಾಯಿಗೆ ಏನು ಹಾಕುವುದು, ಯಾರಿಗೆ ಹೇಳಿ ಬಿಡುವುದು. ಎರಡು ಮಿಲಿಗ್ರಾಂನ ನಿಕೋಟಿನ್ ಗಮ್ ಭಾರತದಲ್ಲಿ ವೈದ್ಯರ ಚೀಟಿ ಇಲ್ಲದೆಯೂ ಸಿಗುತ್ತದೆ. ಅದನ್ನು ಎಲೆ ಅಡಿಕೆಯಂತೆ ಒಂದೇ ಸಮನೆ ಅಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸುವಿಕೆ ಬರುತ್ತದೆ, ನಾಲ್ಕು ಸಲ ಅಗಿದು ಕೆನ್ನೆಯಲ್ಲಿ ಒತ್ತಿಡಬೇಕು ಎಂದು ಯಾರಾದರೂ ತೋರಿಸಿಕೊಡಬೇಕು. ಬಿಟ್ಟ ಮೊದಲ ಕೆಲವು ದಿನ ಸಿಡುಕು, ಚಡಪಡಿಕೆ ಹೆಚ್ಚು, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ ಎಂದು ಮೊದಲೇ ತಿಳಿಸಿದರೆ, ಮೂರನೇ ದಿನದ ಸಿಡುಕನ್ನು ಅವನು ಸೋಲೆಂದು ತಿಳಿಯುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಹಂತಗಳ ಮಾದರಿ ಪೂರ್ತಿ ಸತ್ಯ ಎಂದು ಅನ್ನಿಸಬಹುದು. ಅಲ್ಲ. ಬ್ರಿಟನ್ನಿನ ರಾಬರ್ಟ್ ವೆಸ್ಟ್ 2005ರಲ್ಲಿ, ಈ ಮಾದರಿಯನ್ನು ಇನ್ನು ಬದಿಗಿಡೋಣ ಎಂದೇ ಬರೆದರು. ಆರು ತಿಂಗಳು, ಒಂದು ತಿಂಗಳು ಎಂಬ ಗೆರೆಗಳು ಯಾರೋ ಎಳೆದದ್ದು, ಮನಸ್ಸಿನೊಳಗೆ ಅಂಥ ಗಡಿಗಳಿಲ್ಲ ಎಂಬುದು ಅವರ ತಕರಾರು. ಮರುವರ್ಷ ಅವರೂ ಸಂಗಡಿಗರೊಬ್ಬರೂ ಪ್ರಕಟಿಸಿದ ಅಧ್ಯಯನದಲ್ಲಿ, ಸಿಗರೇಟು ಬಿಡುವ ಪ್ರಯತ್ನಗಳಲ್ಲಿ ಹೆಚ್ಚುಕಡಿಮೆ ಅರ್ಧ, ಯಾವ ತಯಾರಿಯೂ ಇಲ್ಲದೆ ಆ ಕ್ಷಣಕ್ಕೆ ಅನ್ನಿಸಿ ಮಾಡಿದ್ದು ಎಂದು ಕಂಡಿತು. ಹಾಗೆ ಥಟ್ಟನೆ ಬಿಟ್ಟವರೇ ಆರು ತಿಂಗಳಾದರೂ ಉಳಿಯುವ ಸಂಭವ ಹೆಚ್ಚಿತ್ತು. 2010ರ ಕಾಕ್ರೇನ್ ಸಮೀಕ್ಷೆ 41 ಪ್ರಯೋಗಗಳನ್ನು ಕೂಡಿಸಿ ನೋಡಿ, ಹಂತಕ್ಕೆ ತಕ್ಕಂತೆ ಕೊಟ್ಟ ನೆರವು ಹಾಗಲ್ಲದ ಅಂಥದೇ ನೆರವಿಗಿಂತ ಮೇಲೇನಲ್ಲ ಎಂದಿತು.

ನನ್ನ ಮಟ್ಟಿಗೆ ಈ ತಕರಾರು ಹಂತಗಳನ್ನು ಅಳಿಸುವುದಿಲ್ಲ, ಅವುಗಳ ಕೆಲಸವನ್ನು ಕಿರಿದುಗೊಳಿಸುತ್ತದೆ. ಯಾರ ಹತ್ತಿರ ಯಾವ ಮಾತಿನಿಂದ ಶುರು ಮಾಡಬೇಕು ಎಂದು ತಿಳಿಯಲು ಆ ಮೂರು ಪ್ರಶ್ನೆ ಬಳಸಿ, ಆದರೆ ಮೊದಲ ಹಂತದವನೆಂದು ಗುರುತಿಸಿ ಯಾರಿಗೂ ಗಮ್ ಕೊಡದೆ ಕಳಿಸಬೇಡಿ. ಸಂಜೆ ಕೆಮ್ಮಿದಾಗಲೋ, ಮೊಮ್ಮಗು ಮುಖ ತಿರುಗಿಸಿದಾಗಲೋ ಅವನಿಗೆ ಥಟ್ಟನೆ ಅನ್ನಿಸಬಹುದು, ಆ ಗಳಿಗೆಯಲ್ಲಿ ನೆರವು ಕೈಗೆ ಸಿಗುವಂತಿರಬೇಕು. ಭಾರತದಲ್ಲಿ 2018ರ ಸೆಪ್ಟೆಂಬರಿನಿಂದ ತಂಬಾಕಿನ ಪ್ಯಾಕೆಟ್ಟಿನ ಮೇಲೆಯೇ ಬಿಡಲು ನೆರವಾಗುವ 1800-11-2356 ಎಂಬ ಉಚಿತ ಸಂಖ್ಯೆ ಅಚ್ಚಾಗುತ್ತಿದೆ. ಆ ಸೇವೆಯ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಒಂದು. ಆದರೆ ನಮ್ಮ ಹಮಾಲ ಬಿಡಿ ಹೊಗೆಸೊಪ್ಪನ್ನು ತೂಗಿಸಿಕೊಂಡು ಕಾಗದದಲ್ಲಿ ಕಟ್ಟಿಸಿಕೊಳ್ಳುವವನು, ಅವನ ಕೈಗೆ ಪ್ಯಾಕೆಟ್ಟೇ ಬರುವುದಿಲ್ಲ. ಹಾಗಾಗಿ ಈ ಯಾರ್ಡಿನಲ್ಲಿ ಆ ಸಂಖ್ಯೆಯನ್ನು ಕಾಟಾದ ಮೇಲೆ, ಚಹಾ ಅಂಗಡಿಯ ಗೋಡೆಯ ಮೇಲೆ, ಹಮಾಲಿ ಪಾವತಿಯ ಚೀಟಿಯ ಹಿಂಭಾಗದಲ್ಲಿ ಬರೆಸಬೇಕು.