ಗೊಂಬೆಯ ಬೆಲೆ ಎಲ್ಲಿಂದ ಹುಟ್ಟುತ್ತದೆ?

ಚನ್ನಪಟ್ಟಣದ ಗೊಂಬೆ ತಯಾರಕರನ್ನು ಒಂದು ಗೊಂಬೆಗೆ ಎಷ್ಟು ಖರ್ಚು ಬೀಳುತ್ತದೆ ಎಂದು ಕೇಳಿದರೆ ಮರ, ಅರಗು, ಕೂಲಿಯ ಲೆಕ್ಕ ಕೂಡಲೇ ಸಿಗುತ್ತದೆ. ಶೆಡ್ಡಿನ ಬಾಡಿಗೆ, ಲೇತ್ ಸವೆದದ್ದು, ಲೆಕ್ಕ ಬರೆಯುವವರ ಸಂಬಳ ಆ ಮಾತಿನಲ್ಲಿ ಬರುವುದು ಕಡಿಮೆ. ಆದರೆ ಈ ಹಣವೂ ಗೊಂಬೆ ಮಾರಿದ ದುಡ್ಡಿನಿಂದಲೇ ಹೊರಡಬೇಕು. ಹೀಗೆ ಚದುರಿದ ಖರ್ಚುಗಳನ್ನೆಲ್ಲ ಒಂದು ಕ್ರಮದಲ್ಲಿ ಜೋಡಿಸಿ ಬೆಲೆಯವರೆಗೆ ತಲುಪಿಸುವ ಕಾಗದವೇ ವೆಚ್ಚ ಪಟ್ಟಿ, ಅಂದರೆ ಕಾಸ್ಟ್ ಶೀಟ್.

ಲೆಕ್ಕ ಅರ್ಥವಾಗಲೆಂದು ಒಂದು ಸಣ್ಣ ಘಟಕವನ್ನು ಊಹಿಸಿಕೊಳ್ಳೋಣ. ಅಲ್ಲಿ ತಿಂಗಳಿಗೆ 2,000 ಗೊಂಬೆ ತಯಾರಾಗುತ್ತವೆ. ಕೋಲಿಗೆ ಬಣ್ಣದ ಬಳೆಗಳನ್ನು ಒಂದರ ಮೇಲೊಂದು ಪೋಣಿಸುವ, ಮಕ್ಕಳ ಆಟಿಕೆ ಅದು. ಇಲ್ಲಿನ ಅಂಕಿಗಳೆಲ್ಲ ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡವು.

ಮೂಲ ವೆಚ್ಚ

ಗೊಂಬೆಗೆ ನೇರವಾಗಿ ಅಂಟಿಕೊಂಡ ಖರ್ಚು ಮೊದಲು ಬರುತ್ತದೆ. ಆಲೆ ಮರ, ಅರಗು ಮತ್ತು ಬಣ್ಣ ಈ ತಿಂಗಳು 1,60,000 ರೂಪಾಯಿಗೆ ಖರೀದಿಯಾಯಿತು. ಸಾಗಣೆಗೆ 5,000 ಬಿತ್ತು. ಇಷ್ಟನ್ನೇ ಬರೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಕೊಂಡದ್ದೆಲ್ಲ ಬಳಕೆಯಾಗಿರುವುದಿಲ್ಲ. ತಿಂಗಳ ಮೊದಲ ದಿನ ಗೋದಾಮಿನಲ್ಲಿದ್ದ 30,000 ರೂಪಾಯಿಯ ಸರಕನ್ನು ಕೂಡಿಸಿ, ಕೊನೆಯ ದಿನ ಉಳಿದ 35,000 ರೂಪಾಯಿಯ ಸರಕನ್ನು ಕಳೆಯಬೇಕು. ಆಗ ನಿಜವಾಗಿ ಬಳಸಿದ ಕಚ್ಚಾ ವಸ್ತು 1,60,000 ರೂಪಾಯಿ.

ಲೇತ್ ಮೇಲೆ ಮರ ಕಡೆದು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಚ್ಚುವ ಕೆಲಸಗಾರರ ಕೂಲಿ 1,20,000. ಹೊಸ ವಿನ್ಯಾಸ ಕೊಟ್ಟವರಿಗೆ ಗೊಂಬೆಯೊಂದಕ್ಕೆ 10 ರೂಪಾಯಿಯಂತೆ ಗೌರವಧನ 20,000. ಇದೂ ನೇರ ಖರ್ಚೇ, ಯಾಕೆಂದರೆ ಯಾವ ಗೊಂಬೆಗೆ ಎಷ್ಟು ಎಂದು ಬೆರಳಿಟ್ಟು ತೋರಿಸಬಹುದು. ಮೂರೂ ಸೇರಿ ಮೂಲ ವೆಚ್ಚ 3,00,000 ರೂಪಾಯಿ. ಕಾಮರ್ಸ್ ವಿದ್ಯಾರ್ಥಿಗಳು ಪ್ರೈಮ್ ಕಾಸ್ಟ್ ಎನ್ನುವುದು ಇದನ್ನೇ.

ಕಾರ್ಖಾನೆ ವೆಚ್ಚ

ಶೆಡ್ಡಿನ ಬಾಡಿಗೆಯಲ್ಲಿ ಈ ಗೊಂಬೆಯ ಪಾಲು ಇಷ್ಟು ಎಂದು ಹಾಗೆ ತೋರಿಸಲು ಬರುವುದಿಲ್ಲ. ಆದರೂ ಶೆಡ್ಡಿಲ್ಲದೆ ಗೊಂಬೆಯಿಲ್ಲ. ಬಾಡಿಗೆ 18,000, ಮೇಲ್ವಿಚಾರಕರ ಸಂಬಳ 22,000, ವಿದ್ಯುತ್ 20,000, ಲೇತ್‌ಗಳ ಸವಕಳಿ ಮತ್ತು ರಿಪೇರಿ 13,000 ಎಂದುಕೊಂಡರೆ ಒಟ್ಟು 73,000. ಮರದ ಚೂರು ಮಾರಿ ಬಂದ 3,000 ರೂಪಾಯಿಯನ್ನು ಇದರಲ್ಲಿ ಕಳೆದರೆ ಉಳಿಯುವುದು 70,000. ಮೂಲ ವೆಚ್ಚಕ್ಕೆ ಇದು ಸೇರಿ 3,70,000 ಆಯಿತು.

ಲೇತ್ ಪಕ್ಕದಲ್ಲಿ ಬಣ್ಣಕ್ಕೆ ಕಾಯುತ್ತಿರುವ, ಅರ್ಧ ಕೆಲಸ ಮುಗಿದ ಬಳೆಗಳನ್ನೂ ಮರೆಯುವಂತಿಲ್ಲ. ಅಂಥ ಅರೆಸಿದ್ಧ ಸರಕು ತಿಂಗಳ ಆರಂಭದಲ್ಲಿ 12,000 ರೂಪಾಯಿಯಷ್ಟಿತ್ತು, ಕೊನೆಗೆ 22,000 ರೂಪಾಯಿಯಷ್ಟು ಉಳಿಯಿತು. ಮೊದಲಿನದನ್ನು ಕೂಡಿಸಿ ಕೊನೆಯದನ್ನು ಕಳೆದರೆ ಕಾರ್ಖಾನೆ ವೆಚ್ಚ 3,60,000 ರೂಪಾಯಿ.

ಉತ್ಪಾದನಾ ವೆಚ್ಚ

ಲೆಕ್ಕಪತ್ರ, ಆಫೀಸಿನ ಸಂಬಳ, ಫೋನ್, ಕಾಗದ ಪತ್ರಗಳಿಗೆ 40,000 ಸೇರಿಸಿದರೆ ಉತ್ಪಾದನಾ ವೆಚ್ಚ 4,00,000. ಅದನ್ನು 2,000ದಿಂದ ಭಾಗಿಸಿದರೆ ಗೊಂಬೆಯೊಂದಕ್ಕೆ 200 ರೂಪಾಯಿ.

ಅಂಗಡಿಗೆ ಹೋದದ್ದು 1,800 ಗೊಂಬೆ. ಉಳಿದ 200 ಗೊಂಬೆಗಳಿಗೆ ತಲಾ 200 ರೂಪಾಯಿಯಂತೆ 40,000 ಕಳೆದರೆ ಮಾರಿದ ಸರಕಿನ ವೆಚ್ಚ 3,60,000. ಮಾರಾಟದ ಖರ್ಚು ಬರುವುದು ಇದಾದ ಮೇಲೆಯೇ. ಪ್ಯಾಕಿಂಗ್ ಪೆಟ್ಟಿಗೆ, ಕಮಿಷನ್, ಅಂಗಡಿಗೆ ಕಳಿಸುವ ಲಗೇಜು ಸೇರಿ 36,000, ಅಂದರೆ ಮಾರಿದ ಪ್ರತಿ ಗೊಂಬೆಗೆ 20 ರೂಪಾಯಿ. ಗೋದಾಮಿನಲ್ಲೇ ಉಳಿದ ಗೊಂಬೆಗೆ ಈ ಖರ್ಚು ತಗಲಿಲ್ಲ, ಆದ್ದರಿಂದ ಅದರ ಮೇಲೆ ಹೇರಬಾರದು. ಹೀಗೆ ಒಟ್ಟು ಮಾರಾಟ ವೆಚ್ಚ 3,96,000 ರೂಪಾಯಿ, ತಲಾ 220.

| ಹಂತ | ರೂಪಾಯಿ |
|---|---|
| ಮೂಲ ವೆಚ್ಚ | 3,00,000 |
| ಕಾರ್ಖಾನೆ ವೆಚ್ಚ | 3,60,000 |
| ಉತ್ಪಾದನಾ ವೆಚ್ಚ (2,000 ಗೊಂಬೆ) | 4,00,000 |
| ಮಾರಿದ ಸರಕಿನ ವೆಚ್ಚ (1,800 ಗೊಂಬೆ) | 3,60,000 |
| ಒಟ್ಟು ಮಾರಾಟ ವೆಚ್ಚ | 3,96,000 |
| ಲಾಭ, ಮಾರಾಟ ಬೆಲೆಯ ಶೇ 20 | 99,000 |
| ಮಾರಾಟ ಮೊತ್ತ | 4,95,000 |

ಶೇಕಡಾ ಇಪ್ಪತ್ತು, ಯಾವುದರ ಮೇಲೆ?

ಹೆಚ್ಚು ಜನ ಎಡವುವುದು ಇಲ್ಲಿ. ಮಾರಾಟ ಬೆಲೆಯ ಮೇಲೆ ಶೇ 20 ಲಾಭ ಬೇಕು ಎಂದುಕೊಂಡು 220ಕ್ಕೆ ಅದರ ಶೇ 20 ಆದ 44 ರೂಪಾಯಿ ಸೇರಿಸಿ 264 ಎಂದು ಬೆಲೆ ಕಟ್ಟುತ್ತಾರೆ. ಆದರೆ 264 ರೂಪಾಯಿಯಲ್ಲಿ 44 ಎಂದರೆ ಶೇ 16.67 ಮಾತ್ರ. ಲಾಭವನ್ನು ಬೆಲೆಯ ಮೇಲೆ ಲೆಕ್ಕ ಹಾಕುವುದಾದರೆ ಬೆಲೆಯನ್ನು 100 ಎಂದಿಟ್ಟುಕೊಳ್ಳಬೇಕು. ಅದರಲ್ಲಿ 20 ಲಾಭವಾದರೆ ಉಳಿದ 80 ವೆಚ್ಚ. ಆ 80 ಪಾಲು ಈಗ 220 ರೂಪಾಯಿ. ಹಾಗಾದರೆ 220ನ್ನು 80ರಿಂದ ಭಾಗಿಸಿ 100ರಿಂದ ಗುಣಿಸಬೇಕು. ಸಿಗುವ ಬೆಲೆ 275 ರೂಪಾಯಿ, ಲಾಭ 55.

ಎರಡು ಬೆಲೆಗಳ ನಡುವಿನ ವ್ಯತ್ಯಾಸ ಗೊಂಬೆಯೊಂದಕ್ಕೆ 11 ರೂಪಾಯಿ. 1,800 ಗೊಂಬೆಗೆ ಅದು 19,800 ರೂಪಾಯಿಯಾಗುತ್ತದೆ, ಒಂದು ತಿಂಗಳ ಶೆಡ್ ಬಾಡಿಗೆಗಿಂತ ಹೆಚ್ಚು. ಬೆಲೆ ಸರಿಯೇ ಎಂದು ನೋಡಲು ಲಾಭವನ್ನು ಮಾರಾಟ ಮೊತ್ತದಿಂದ ಭಾಗಿಸಿದರೆ ಸಾಕು. ಇಲ್ಲಿ 4,95,000ದಲ್ಲಿ 99,000 ಸರಿಯಾಗಿ ಐದನೇ ಒಂದು ಪಾಲು.

ಪಟ್ಟಿಗೆ ಸೇರದ್ದು, ಸೇರಲೇಬೇಕಾದದ್ದು

ಬ್ಯಾಂಕ್ ಸಾಲದ ಕಂತು, ಆದಾಯ ತೆರಿಗೆ, ಮಾಲೀಕರು ಮನೆ ಖರ್ಚಿಗೆ ತೆಗೆದುಕೊಂಡ ಹಣ ಈ ಪಟ್ಟಿಗೆ ಬರುವುದಿಲ್ಲ. ಸಾಲ ಮಾಡಿ ಲೇತ್ ಕೊಂಡಿದ್ದರೆ ಅದರ ಸವಕಳಿ ಮಾತ್ರ ಬರುತ್ತದೆ, ಕಂತನ್ನೂ ಸೇರಿಸಿದರೆ ಒಂದೇ ಲೇತ್‌ನ ಬೆಲೆಯನ್ನು ಎರಡು ಸಲ ಬರೆದಂತೆ. ಇನ್ನೊಂದು ಕಡೆ, ಮನೆಯವರೇ ಕೂತು ಪ್ಯಾಕ್ ಮಾಡಿದ ಕೆಲಸಕ್ಕೆ ಸಣ್ಣ ಘಟಕಗಳಲ್ಲಿ ಎಷ್ಟೋ ಸಲ ಕೂಲಿಯನ್ನೇ ಬರೆಯುವುದಿಲ್ಲ. ನಾಳೆ ಆರ್ಡರ್ ಹೆಚ್ಚಿ ಹೊರಗಿನವರನ್ನು ಕರೆದಾಗ ಆ ಖರ್ಚು ಹೊಸದಾಗಿ ಎದುರಾಗುತ್ತದೆ, ಅಷ್ಟರಲ್ಲಿ ಬೆಲೆ ಮಾತಾಡಿ ಆಗಿರುತ್ತದೆ. ಮನೆಯವರ ದುಡಿಮೆಗೂ ಹೊರಗಿನ ದರದಲ್ಲೇ ಕೂಲಿ ಹಿಡಿಯುವುದು ಸರಿ.

ಪಟ್ಟಿಯ ಮಿತಿಯನ್ನೂ ತಿಳಿದಿರಬೇಕು. ನಮ್ಮ ಲೆಕ್ಕದಲ್ಲಿ ಬಾಡಿಗೆ, ಮೇಲ್ವಿಚಾರಣೆ, ಸವಕಳಿ ಮತ್ತು ರಿಪೇರಿ, ಆಫೀಸು ಸೇರಿದ 93,000 ರೂಪಾಯಿ ಗೊಂಬೆ ಎಷ್ಟೇ ತಯಾರಾದರೂ ಬದಲಾಗದ ಖರ್ಚು ಎಂದುಕೊಳ್ಳೋಣ. 2,000 ಗೊಂಬೆಗೆ ಹಂಚಿದಾಗ ಅದು ತಲಾ 46.50 ರೂಪಾಯಿ. ಆರ್ಡರ್ ಕಡಿಮೆಯಾಗಿ 1,000 ಗೊಂಬೆಯಷ್ಟೇ ತಯಾರಾದರೆ ಅದೇ ಖರ್ಚು ತಲಾ 93 ರೂಪಾಯಿಗೆ ಏರುತ್ತದೆ. ಉಳಿದೆಲ್ಲ ತಲಾ ಖರ್ಚು ಹಾಗೆಯೇ ಇದ್ದರೂ ಗೊಂಬೆಯ ವೆಚ್ಚ 266.50 ಆಗಿ, 275ರ ಬೆಲೆಯಲ್ಲಿ ಉಳಿಯುವುದು 8.50 ರೂಪಾಯಿ ಮಾತ್ರ.

ಆದ್ದರಿಂದ ತಯಾರಕರು ಹೊಸ ಆರ್ಡರ್‌ಗೆ ದರ ಹೇಳುವ ಮೊದಲು ಹಳೆಯ ಪಟ್ಟಿ ಯಾವ ತಿಂಗಳದ್ದು, ಎಷ್ಟು ಸಂಖ್ಯೆಗೆ ಮಾಡಿದ್ದು ಎಂದು ನೋಡಿಕೊಳ್ಳಬೇಕು. ಸಂಖ್ಯೆ ಬದಲಾದರೆ ಪಟ್ಟಿಯನ್ನು ಹೊಸದಾಗಿ ಬರೆದೇ ದರ ಹೇಳಬೇಕು.